2ಎ ಸರ್ಟಿಫಿಕೇಟ್ ಹಿಡಿದು ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ

ಹೋದ ವಾರ ಮತ್ತೊಬ್ಬ ಹುಡುಗ ಬಂದಿದ್ದ. ಬ್ಯಾಂಕ್ ಕ್ಲರ್ಕ್ ಪರೀಕ್ಷೆ, ಮೇನ್ಸ್ ಕೂಡ ಪಾಸು. ದಾಖಲೆ ಪರಿಶೀಲನೆಯಲ್ಲಿ ಅವನ ಜಾತಿ ಪ್ರಮಾಣಪತ್ರ ನೋಡಿ ವಾಪಸ್ ಕಳಿಸಿದ್ದಾರೆ. ಕವರ್‌ನಿಂದ ತೆಗೆದು ತೋರಿಸಿದ. ತಹಶೀಲ್ದಾರರ ಸಹಿ ಇದೆ, ಆರ್‌ಡಿ ನಂಬರ್ ಇದೆ, ಅವಧಿಯೂ ಮುಗಿದಿಲ್ಲ. ಆದರೆ ಅದು ನಮೂನೆ-ಎಫ್, ಪ್ರವರ್ಗ 2ಎ ಅಂತ ಬರೆದ ರಾಜ್ಯದ ಪ್ರಮಾಣಪತ್ರ.

ಎಷ್ಟು ಸಲ ಹೇಳಿದರೂ ಮಕ್ಕಳು ಇಲ್ಲೇ ಎಡವುತ್ತಾರೆ. 2ಎ, 2ಬಿ, 3ಎ, 3ಬಿ ಎಲ್ಲ ನಮ್ಮ ರಾಜ್ಯದ ವಿಂಗಡಣೆ. ಕೆಪಿಎಸ್‌ಸಿಗೆ ಅದು ಸರಿ. ಐಬಿಪಿಎಸ್, ಎಸ್ಎಸ್‌ಸಿ, ರೈಲ್ವೆಗೆ ಇರುವುದು ಒಬಿಸಿ ಒಂದೇ. ಅದಕ್ಕೆ ಕೇಂದ್ರದ ಪಟ್ಟಿಯೂ ಬೇರೆ, ಪ್ರಮಾಣಪತ್ರವೂ ಬೇರೆ. ಅದರಲ್ಲಿ 2ಎ ಅಂತ ಇರುವುದಿಲ್ಲ, ಭಾರತ ಸರ್ಕಾರದ ಹುದ್ದೆಗಳಿಗೆ ಅಂತ ಇರುತ್ತದೆ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಮಾತೂ ಇರಲೇಬೇಕು.

ಈ ಹುಡುಗನ ಲೆಕ್ಕ ನೋಡಿ. ಕ್ಲರ್ಕ್ ಹುದ್ದೆಗೆ ಸಾಮಾನ್ಯ ವಯೋಮಿತಿ 28. ಒಬಿಸಿಗೆ 3 ವರ್ಷ ರಿಯಾಯಿತಿ ಸೇರಿ 31. ಇವನಿಗೆ 30. ಅಂದರೆ ಅವನು ಅರ್ಜಿ ಹಾಕಿದ್ದೇ ರಿಯಾಯಿತಿ ಬಲದ ಮೇಲೆ. ಒಬಿಸಿ ಪ್ರಮಾಣಪತ್ರ ಇಲ್ಲ ಅಂದ ಮೇಲೆ ವಯಸ್ಸೂ ಮೀರಿದ ಹಾಗಾಯಿತು. ಜನರಲ್‌ನಲ್ಲಾದರೂ ಪರಿಗಣಿಸಿ ಅಂತ ಕೇಳುವ ದಾರಿಯೂ ಮುಚ್ಚಿತು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ, ಯಾಕೆಂದರೆ ಅವನ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆ!

ಪ್ರವರ್ಗ-1ರವರು ಇನ್ನೂ ಹುಷಾರಾಗಿರಬೇಕು. ರಾಜ್ಯದಲ್ಲಿ ನಿಮಗೆ ಕೆನೆಪದರ ಇಲ್ಲ, ವಯೋಮಿತಿಯೂ ಸಾಮಾನ್ಯವಾಗಿ 40. ಕೇಂದ್ರಕ್ಕೆ ಹೋದರೆ ನೀವೂ ಒಬಿಸಿಯೇ. ರಿಯಾಯಿತಿ ಅದೇ 3 ವರ್ಷ, ಕೆನೆಪದರದ ಪರೀಕ್ಷೆಯೂ ಉಂಟು.

ಹಾಗಾದರೆ ಏನು ಮಾಡಬೇಕು? ಮೊದಲು ncbc.nic.in ನಲ್ಲಿ ಕರ್ನಾಟಕದ ಕೇಂದ್ರ ಪಟ್ಟಿ ತೆಗೆದು ನಿಮ್ಮ ಜಾತಿ ಹುಡುಕಿ. ಶಾಲೆಯ ದಾಖಲೆಯಲ್ಲಿ ಇರುವ ಹೆಸರೇ ಅಲ್ಲಿದೆಯಾ ನೋಡಿ, ಉಪಜಾತಿಯ ಹೆಸರಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ. ಇದ್ದರೆ ಅಧಿಸೂಚನೆಯ ಕೊನೆಯ ಪುಟಗಳಲ್ಲಿರುವ ಒಬಿಸಿ ನಮೂನೆಯನ್ನು ಪ್ರಿಂಟ್ ತೆಗೆದುಕೊಂಡು ನಾಡಕಚೇರಿಗೆ ಹೋಗಿ. ಸುಮ್ನೆ ಜಾತಿ ಸರ್ಟಿಫಿಕೇಟ್ ಅಂತ ಕೇಳಬೇಡಿ, ರಾಜ್ಯದ್ದೇ ಕೊಡುತ್ತಾರೆ. ಕೇಂದ್ರದ ಒಬಿಸಿ ಅಂತಲೇ ಕೇಳಿ. ಯಾವ ದಿನಾಂಕದ ಒಳಗೆ ಪಡೆದಿರಬೇಕು ಅನ್ನುವುದು ಒಂದೊಂದು ಪರೀಕ್ಷೆಗೆ ಒಂದೊಂದು ಥರ, ಅಧಿಸೂಚನೆಯ ಆ ಸಾಲನ್ನು ಎರಡು ಸಲ ಓದಿ.

ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇಲ್ವಾ? ಆದಾಯ, ಜಮೀನಿನ ಷರತ್ತಿಗೆ ಹೊಂದಿದರೆ ಇಡಬ್ಲ್ಯೂಎಸ್ ಕೇಳಬಹುದು. ಆದರೆ ಅದರಲ್ಲಿ ಸಾಮಾನ್ಯವಾಗಿ ವಯಸ್ಸಿನ ರಿಯಾಯಿತಿ ಸಿಗುವುದಿಲ್ಲ.

ಆ ಹುಡುಗನಿಗೆ ಮುಂದಿನ ಅಧಿಸೂಚನೆಗೆ ಇನ್ನೊಂದು ಅವಕಾಶ ಇರಬಹುದು. ಜನ್ಮದಿನಾಂಕ ಹಿಡಿದು ಇಬ್ಬರೂ ಕೂತು ತಿಂಗಳು ಎಣಿಸಿದೆವು. ಸೋಮವಾರ ಬೆಳಿಗ್ಗೆಯೇ ನಾಡಕಚೇರಿಗೆ ಹೋಗು ಅಂತ ಹೇಳಿ ಕಳಿಸಿದ್ದೇನೆ.