ಸಂಜೀವಿನಿ ಪರ್ವತ ಬೇರೆ, ಕೋಳಿಗೂಡಿನ ದೇವದೂತ ಬೇರೆ: ‘ಮಾಂತ್ರಿಕ ವಾಸ್ತವ’ದ ಕತೆ

ಪುಸ್ತಕ ವಿಮರ್ಶೆ ಓದುವಾಗ ಒಂದು ಸಾಲು ಪದೇ ಪದೇ ಸಿಗುತ್ತದೆ: ‘ಲೇಖಕರು ಮಾಂತ್ರಿಕ ವಾಸ್ತವ ತಂತ್ರ ಬಳಸಿದ್ದಾರೆ.’ ಕಾದಂಬರಿಯಲ್ಲಿ ಒಂದು ದೆವ್ವವೋ ಮಾತಾಡುವ ಬೆಕ್ಕೋ ಬಂದರೆ ಸಾಕು, ಈ ಸಾಲು ತಯಾರು. ಆದರೆ ಮಾಟ, ದೆವ್ವ, ಹಾರುವ ಮನುಷ್ಯ ಎಲ್ಲವೂ ಫ್ಯಾಂಟಸಿಯಲ್ಲೂ ಇರುತ್ತವೆ ಅಲ್ವಾ? ಹಾಗಾದರೆ ಬೇರೆ ಹೆಸರು ಯಾಕೆ ಬೇಕಾಯಿತು?

ಕೊಲಂಬಿಯಾದ ಲೇಖಕ ಗಾಬ್ರಿಯಲ್ ಗಾರ್ಸಿಯಾ ಮಾರ್ಕೆಸ್ 1968ರಲ್ಲಿ ಬರೆದ ಒಂದು ಸಣ್ಣಕತೆಯಿಂದ ಶುರು ಮಾಡೋಣ. ದೊಡ್ಡ ರೆಕ್ಕೆಗಳಿರುವ ಒಬ್ಬ ಮುದುಕನ ಕತೆ. ಮೂರು ದಿನದಿಂದ ಮಳೆ. ಮನೆಯೊಳಗೆಲ್ಲ ಏಡಿಗಳು. ಅವುಗಳನ್ನು ಕೊಂದು ಸಮುದ್ರಕ್ಕೆ ಎಸೆದು ಬಂದ ಪೆಲಾಯೋಗೆ ಅಂಗಳದ ಕೆಸರಿನಲ್ಲಿ ಒಬ್ಬ ಮುದುಕ ಬಿದ್ದಿರುವುದು ಕಾಣುತ್ತದೆ. ಹಲ್ಲು ಉದುರಿದೆ, ತಲೆ ಬೋಳು, ಬೆನ್ನಿಗೆ ಕೊಳಕು ರೆಕ್ಕೆ. ಪಕ್ಕದ ಮನೆಯಾಕೆ ನೋಡಿ ‘ಇವನು ದೇವದೂತ’ ಅನ್ನುತ್ತಾಳೆ. ಪೆಲಾಯೋ ಮತ್ತು ಅವನ ಹೆಂಡತಿ ಅವನನ್ನು ಕೋಳಿಗೂಡಿಗೆ ಹಾಕುತ್ತಾರೆ. ಜನ ಮುಗಿಬೀಳುತ್ತಾರೆ. ಅಂಗಳ ಗುಡಿಸಿ ಗುಡಿಸಿ ಸುಸ್ತಾದ ಹೆಂಡತಿ ತಲೆಗೆ ಐದು ಸೆಂಟಿನಂತೆ ಟಿಕೆಟ್ ಇಡುತ್ತಾಳೆ. ಊರಿನ ಪಾದ್ರಿಗೆ ಮಾತ್ರ ಅನುಮಾನ. ದೇವದೂತನಾಗಿದ್ದರೆ ಲ್ಯಾಟಿನ್ ಬರಬೇಕಿತ್ತು, ಇವನಿಗೆ ಬರುವುದಿಲ್ಲ. ಪರೀಕ್ಷಿಸಿದ ಡಾಕ್ಟರಿಗೆ ಆ ರೆಕ್ಕೆಗಳು ಎಷ್ಟು ಸಹಜವಾಗಿ ಕಾಣುತ್ತವೆ ಅಂದರೆ, ಬೇರೆ ಮನುಷ್ಯರಿಗೆ ಯಾಕಿಲ್ಲ ಎಂದೇ ಅರ್ಥವಾಗುವುದಿಲ್ಲ. ಕೊನೆಗೆ ಅಪ್ಪ ಅಮ್ಮನ ಮಾತು ಕೇಳದೆ ಜೇಡವಾಗಿ ಹೋದ ಹುಡುಗಿಯೊಬ್ಬಳ ಪ್ರದರ್ಶನ ಊರಿಗೆ ಬರುತ್ತದೆ. ಅದರ ಟಿಕೆಟ್ ಅಗ್ಗ. ಅವಳು ಪ್ರಶ್ನೆಗಳಿಗೆ ಉತ್ತರವನ್ನೂ ಕೊಡುತ್ತಾಳೆ. ಜನ ಆ ಕಡೆ ಹೋಗುತ್ತಾರೆ, ದೇವದೂತನನ್ನು ಯಾರೂ ಕೇಳುವುದಿಲ್ಲ.

ಇದೇ ಮುದುಕ ಫ್ಯಾಂಟಸಿ ಕಾದಂಬರಿಯಲ್ಲಿ ಬಿದ್ದಿದ್ದರೆ? ಅವನು ಯಾವ ಲೋಕದವನು, ಯಾಕೆ ಬಿದ್ದ, ರೆಕ್ಕೆಗೆ ಶಕ್ತಿ ಎಲ್ಲಿಂದ ಬರುತ್ತದೆ, ವಾಪಸ್ ಹೋಗಲು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಕತೆ ಉತ್ತರ ಕೊಡಬೇಕಾಗುತ್ತಿತ್ತು. ಫ್ಯಾಂಟಸಿಯ ಮಾಯೆಗೆ ಸಾಮಾನ್ಯವಾಗಿ ಒಂದು ಕಾನೂನು ಇರುತ್ತದೆ. ಉಂಗುರ ಹಾಕಿಕೊಂಡರೆ ಮಾಯವಾಗಬಹುದು, ಆದರೆ ಅದಕ್ಕೊಂದು ಬೆಲೆ ತೆರಬೇಕು. ಮಾಯಾಶಾಲೆಗೆ ಹೋಗಲು ಒಂದು ಗುಟ್ಟಿನ ಬಾಗಿಲು ದಾಟಬೇಕು. ಕತೆ ಮುಂದೆ ಹೋಗುವುದೇ ಆ ಕಾನೂನಿನ ಮೇಲೆ. ಮಾರ್ಕೆಸ್‌ನ ಮುದುಕನಿಗೆ ಕಾನೂನೂ ಇಲ್ಲ, ವಿವರಣೆಯೂ ಇಲ್ಲ. ಅಲ್ಲಿ ಗಟ್ಟಿಯಾಗಿ ನಿಂತಿರುವುದು ಏಡಿ, ಕೋಳಿಗೂಡು, ಐದು ಸೆಂಟು. ಊರವರಿಗೆ ಕುತೂಹಲ ಇದೆ, ಆದರೆ ‘ಇದು ಹೇಗೆ ಸಾಧ್ಯ’ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವ್ಯತ್ಯಾಸ ಇರುವುದು ಮಾಯೆ ಎಷ್ಟಿದೆ ಎಂಬುದರಲ್ಲಲ್ಲ, ಅದರ ಎದುರು ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲಿ.

ತಮಾಷೆ ಅಂದರೆ, ಈ ಹೆಸರು ಹುಟ್ಟಿದಾಗ ಅದರಲ್ಲಿ ಮಾಯೆಯೇ ಇರಲಿಲ್ಲ. ಕತೆ ಕಾದಂಬರಿಗೂ ಅದಕ್ಕೂ ಸಂಬಂಧ ಇರಲಿಲ್ಲ. 1925ರಲ್ಲಿ ಫ್ರಾಂಜ್ ರೋ ಎಂಬ ಜರ್ಮನ್ ಕಲಾ ವಿಮರ್ಶಕ ಆಗಿನ ಹೊಸ ಚಿತ್ರಕಾರರ ಬಗ್ಗೆ ಒಂದು ಪುಸ್ತಕ ಬರೆದ. ಅವರು ಬಿಡಿಸುತ್ತಿದ್ದುದು ಮೇಜು, ಕುರ್ಚಿ, ಬೀದಿ, ಮನುಷ್ಯರ ಮುಖ. ಆದರೆ ಎಷ್ಟು ನಿಚ್ಚಳವಾಗಿ, ಎಷ್ಟು ತಣ್ಣಗೆ ಅಂದರೆ, ದಿನಾ ನೋಡುವ ವಸ್ತುವೇ ವಿಚಿತ್ರ ಅನ್ನಿಸಬೇಕು. ಇದನ್ನು ರೋ ‘ಮಾಂತ್ರಿಕ ವಾಸ್ತವವಾದ’ ಎಂದು ಕರೆದ. ಜರ್ಮನ್ ಪುಸ್ತಕದ ಶೀರ್ಷಿಕೆಯಲ್ಲಿ ಆ ಮಾತು ಎರಡನೆಯ ಸ್ಥಾನದಲ್ಲಿತ್ತು. 1927ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನಿಷ್ ಅನುವಾದ ಬಂದಾಗ ಅದೇ ಮೊದಲಿಗೆ ಬಂತು. ಆ ದಾರಿಯಲ್ಲಿ ಹೆಸರು ಸಮುದ್ರ ದಾಟಿ ಲ್ಯಾಟಿನ್ ಅಮೆರಿಕದ ಬರಹಗಾರರ ಕೈಗೆ ಸಿಕ್ಕಿತು.

ಅಲ್ಲಿ ಅದಕ್ಕೆ ಹೊಸ ಅರ್ಥ ಬರಲು ದೊಡ್ಡ ಕಾರಣ ಕ್ಯೂಬಾದ ಅಲೆಹೊ ಕಾರ್ಪೆಂಟಿಯರ್. ಆತ ಈ ಹೆಸರನ್ನು ಬಳಸಲಿಲ್ಲ. 1943ರಲ್ಲಿ ಹೈಟಿಗೆ ಹೋಗಿ ಬಂದು, 1949ರ ತನ್ನ ಕಾದಂಬರಿಯ ಮುನ್ನುಡಿಯಲ್ಲಿ ‘ಅದ್ಭುತ ವಾಸ್ತವ’ ಎಂಬ ಮಾತು ಬಳಸಿದ. ಯುರೋಪಿನ ಕಲಾವಿದರು ಕಷ್ಟಪಟ್ಟು ವಿಚಿತ್ರವನ್ನು ತಯಾರಿಸುತ್ತಾರೆ, ನಮ್ಮ ನೆಲದಲ್ಲಿ ಅದು ಚರಿತ್ರೆಯಲ್ಲೇ ಇದೆ ಎಂಬುದು ಅವನ ವಾದ. ಆ ಕಾದಂಬರಿಯ ಒಂದು ಪ್ರಸಂಗ ನೋಡಿ. ಗುಲಾಮರ ನಾಯಕ ಮಕಂದಾಲ್‌ನನ್ನು ಫ್ರೆಂಚರು ಬೆಂಕಿಗೆ ಹಾಕಿ ಕೊಲ್ಲುತ್ತಾರೆ. ಇದು 1758ರಲ್ಲಿ ನಿಜವಾಗಿ ನಡೆದದ್ದು. ಕಾದಂಬರಿಯಲ್ಲಿ ಗುಲಾಮರು ಅವನು ಹಾರಿಹೋಗುವುದನ್ನು ಕಾಣುತ್ತಾರೆ, ದಾರಿಯುದ್ದಕ್ಕೂ ನಗುತ್ತಾ ವಾಪಸ್ ಹೋಗುತ್ತಾರೆ. ತಮ್ಮವನೇ ಸುಟ್ಟುಹೋದರೂ ಇವರಿಗೆ ಏನೂ ಅನ್ನಿಸುವುದಿಲ್ಲವಲ್ಲ ಎಂದು ಯಜಮಾನನಿಗೆ ಅಚ್ಚರಿ. ಒಂದೇ ಘಟನೆ, ಎರಡು ಸತ್ಯ. ನನಗೆ ಇಡೀ ವಿಷಯದ ಬೇರು ಇಲ್ಲೇ ಇದೆ ಅನ್ನಿಸುತ್ತದೆ.

ಮುಂದೆ ಪ್ರಾಧ್ಯಾಪಕರು ಕಿತ್ತಾಡಿದರು. 1955ರಲ್ಲಿ ಏಂಜೆಲ್ ಫ್ಲೋರೆಸ್ ಯುರೋಪಿನ ಲೇಖಕ ಕಾಫ್ಕಾನ ದಾರಿಯ ಬರಹವನ್ನೂ ಸೇರಿಸಿ ಹೆಸರನ್ನು ಹಿಗ್ಗಿಸಿದ. 1967ರಲ್ಲಿ ಲೂಯಿಸ್ ಲಿಯಾಲ್ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಬ್ಯೂನಸ್ ಐರಿಸ್‌ನಲ್ಲಿ ಮಾರ್ಕೆಸ್‌ನ ‘ಒಂದು ನೂರು ವರ್ಷಗಳ ಏಕಾಂತ’ ಪ್ರಕಟವಾಯಿತು. ಓದುಗರ ಮಟ್ಟಿಗೆ ಜಗಳ ಅಲ್ಲಿಗೇ ಮುಗಿಯಿತು.

ಅದರಲ್ಲಿ ಚೆಲುವೆ ರೆಮೆಡಿಯೋಸ್ ಮೈ ಸಮೇತ ಸ್ವರ್ಗಕ್ಕೆ ಏರಿಹೋಗುವ ದೃಶ್ಯ ಇದೆ. ಇದನ್ನು ನಂಬಿಸುವುದು ತನಗೆ ಬಹಳ ದಿನ ಆಗಲೇ ಇಲ್ಲ ಎಂದು ಮಾರ್ಕೆಸ್ ಒಂದು ಸಂದರ್ಶನದಲ್ಲಿ ಹೇಳಿದ್ದಾನೆ. ಒಂದು ದಿನ ತೋಟಕ್ಕೆ ಹೋದರೆ, ಮನೆಗೆ ಬಟ್ಟೆ ಒಗೆಯಲು ಬರುವ ಹೆಂಗಸು ಜೋರು ಗಾಳಿಯಲ್ಲಿ ದುಪ್ಪಟಿ ಒಣಹಾಕುತ್ತಿದ್ದಳು. ಅಲ್ಲಿ ದಾರಿ ಸಿಕ್ಕಿತು. ಕಾದಂಬರಿಯಲ್ಲಿ ರೆಮೆಡಿಯೋಸ್ ದುಪ್ಪಟಿಗಳ ಜೊತೆಗೇ ಮೇಲೆ ಹೋಗುತ್ತಾಳೆ. ಮನೆಯ ಸೊಸೆ ಫೆರ್ನಾಂದಾ ಆಮೇಲೆ ಎಷ್ಟೋ ದಿನ ದೇವರಲ್ಲಿ ಬೇಡಿಕೊಳ್ಳುವುದು ಏನೆಂದರೆ, ದುಪ್ಪಟಿಗಳನ್ನು ವಾಪಸ್ ಕಳಿಸಪ್ಪಾ ಎಂದು. ಹಾರುವಿಕೆ ನಂಬಿಕೆಯಾಗುವುದು ಆ ದುಪ್ಪಟಿಗಳಿಂದ.

ವಿಮರ್ಶೆಯಲ್ಲಿ ಈ ಪದ ಸರಿಯಾಗಿ ಕೂತಿದೆಯೇ ಎಂದು ನೋಡಲು ನಾನು ಮಾಡುವುದು ಇಷ್ಟೇ: ದುಪ್ಪಟಿ ಎಲ್ಲಿದೆ ಎಂದು ಹುಡುಕುತ್ತೇನೆ. ಅದು ಎಲ್ಲಿಯೂ ಸಿಗದೆ, ಬರೀ ಹಾರಾಟ ಇದ್ದರೆ ಪದ ಸುಮ್ನೆ ಅಂಟಿಸಿದ್ದು. ಎಲ್ಲ ಕನಸು ಎಂದು ಕೊನೆಗೆ ಗೊತ್ತಾದರೆ ಅದೂ ಅಲ್ಲ. ಹನುಮಂತ ಸಂಜೀವಿನಿ ಪರ್ವತ ಹೊತ್ತು ತಂದದ್ದೂ ಅಲ್ಲ. ಅದು ಪುರಾಣ, ಅಲ್ಲಿ ಇಡೀ ಲೋಕವೇ ಅದ್ಭುತದ್ದು. ಹೂವಿನ ಗಿಡವಾಗುವ ಹುಡುಗಿಯ ನಮ್ಮ ಜನಪದ ಕತೆಯೂ ಹಾಗೆಯೇ, ಅದಕ್ಕೆ ಊರಿಲ್ಲ, ಇಸವಿಯಿಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ಮಾತು ಬೇರೆ. ದೀಪದ ಜೋತಮ್ಮಂದಿರು ಅಲ್ಲಿ ಸೇರಿ ಮಾತಾಡಿಕೊಳ್ಳುತ್ತಾರೆ, ಆದರೆ ಅವರ ಸುತ್ತ ಇರುವುದು ಜಾತಿಯ ಹಳ್ಳಿ, ಅಲ್ಲಿನ ನಿಜವಾದ ನೋವು. ಇದನ್ನು ಮಾಂತ್ರಿಕ ವಾಸ್ತವ ಎಂದು ಕರೆಯಬಹುದು. ಆದರೆ ಜೋತಮ್ಮಂದಿರು ಕೊಲಂಬಿಯಾದಿಂದ ಬಂದವರಲ್ಲ. ನಮ್ಮ ಕತೆ ಹೇಳುವ ಅಜ್ಜಿಯರ ಹತ್ತಿರವೇ ಇದ್ದವರು. ವಿಮರ್ಶಕ ಅಷ್ಟು ಹೇಳದೆ ಪದ ಮಾತ್ರ ಬಳಸಿದರೆ ಎರವಲು ಎಂಬ ಅರ್ಥ ಬಂದುಬಿಡುತ್ತದೆ.

ಲ್ಯಾಟಿನ್ ಅಮೆರಿಕದವರಿಗೇ ಈ ಪದ ಆಮೇಲೆ ಹೊರೆಯಾಯಿತು. 1996ರಲ್ಲಿ ಚಿಲಿಯ ಆಲ್ಬೆರ್ತೊ ಫುಗೆತ್ ಮತ್ತು ಸೆರ್ಹಿಯೊ ಗೋಮೆಸ್ ಯುವ ಬರಹಗಾರರ ಒಂದು ಕಥಾಸಂಕಲನ ತಂದರು. ಅಮೆರಿಕದ ಒಬ್ಬ ಸಂಪಾದಕರು ಇಬ್ಬರು ಯುವ ಲೇಖಕರ ಕತೆಗಳನ್ನು ಮಾಂತ್ರಿಕ ವಾಸ್ತವ ಇಲ್ಲ ಎಂದು ವಾಪಸ್ ಕಳಿಸಿದ್ದನ್ನು ಮುನ್ನುಡಿಯಲ್ಲಿ ಹೇಳಿಕೊಂಡರು. ಮಾರ್ಕೆಸ್ ಕಟ್ಟಿದ ಊರು ಮಕಾಂದೊ. ಇವರು ಪುಸ್ತಕಕ್ಕೆ ಇಟ್ಟ ಹೆಸರು ‘ಮ್ಯಾಕೊಂದೊ’. ಅದರೊಳಗೆ ಮ್ಯಾಕ್‌ಡೊನಾಲ್ಡ್ಸ್ ಇತ್ತು, ಮ್ಯಾಕಿಂಟಾಷ್ ಕಂಪ್ಯೂಟರ್ ಇತ್ತು, ಕಾಂಡೋ ಅಪಾರ್ಟ್‌ಮೆಂಟ್ ಇತ್ತು.