ಬೀಟಾ ಬಿಡಿ, ಮೀಟರ್ ಹಿಡಿಯಿರಿ

ಕೋಲಾರದ ನಮ್ಮ ಬೀದಿಯ ಡಿಪ್ಲೊಮಾ ಹುಡುಗ ಬ್ರೆಡ್‌ಬೋರ್ಡ್ ಹಿಡಿದು ಬಂದ. "ಅಂಕಲ್, ಇದು ಮೂರನೇ ಟ್ರಾನ್ಸಿಸ್ಟರ್. ಕಲೆಕ್ಟರ್‌ನಲ್ಲಿ ಪೂರ್ತಿ 12 ವೋಲ್ಟ್ ತೋರಿಸ್ತಿದೆ. ಬೀಟಾ ಸರಿಯಿಲ್ಲ ಅನ್ಸುತ್ತೆ."

ಈ ಬೀಟಾ ಭೂತ ಹುಡುಗರನ್ನು ಬಿಡುವುದೇ ಇಲ್ಲ. ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಎನ್ನುವ ಸಂಖ್ಯೆ ಅದು. ಒಂದೇ ಪೊಟ್ಟಣದ ಎರಡು ಟ್ರಾನ್ಸಿಸ್ಟರ್‌ಗಳಲ್ಲೂ ಬೇರೆ ಬೇರೆ ಇರುತ್ತದೆ, ಬಿಸಿಯಾದರೆ ಏರುತ್ತದೆ. ಇಂಥದ್ದನ್ನು ನಂಬಿ ಸರ್ಕ್ಯೂಟ್ ಕಟ್ಟಬಾರದು ಎಂದೇ, ಎರಡು ರೆಸಿಸ್ಟರ್‌ಗಳಿಂದ ಸಪ್ಲೈಯನ್ನು ಹಂಚಿ ಬೇಸ್ ವೋಲ್ಟೇಜನ್ನು ನಿಲ್ಲಿಸುವ ವೋಲ್ಟೇಜ್ ಡಿವೈಡರ್ ಬಯಾಸ್ ಇರುವುದು.

ಅವನ ನಕ್ಷೆ ಹೀಗಿತ್ತು: ಸಪ್ಲೈ 12 ವೋಲ್ಟ್. ಬೇಸ್‌ಗೆ ಮೇಲಿನಿಂದ 47 ಕೆ, ಕೆಳಗೆ ಗ್ರೌಂಡಿಗೆ 10 ಕೆ. ಕಲೆಕ್ಟರ್‌ಗೆ 3.9 ಕೆ, ಎಮಿಟರ್‌ಗೆ 1 ಕೆ. ಲೆಕ್ಕ ಬೇಸ್‌ನಿಂದಲೇ ಶುರುವಾಗಬೇಕು. ಎಮಿಟರ್ ಬೇಸ್‌ಗಿಂತ ಸುಮಾರು 0.7 ವೋಲ್ಟ್ ಕೆಳಗಿರುತ್ತದೆ, ಕಲೆಕ್ಟರ್ ಕರೆಂಟು ಹೆಚ್ಚುಕಡಿಮೆ ಎಮಿಟರ್‌ನಷ್ಟೇ ಇರುತ್ತದೆ.

```
VB = 12 × 10 / (47 + 10) = 2.1 V
VE = 2.1 − 0.7 = 1.4 V
IE = 1.4 V / 1 k = 1.4 mA
VC = 12 − 1.4 × 3.9 ≈ 6.5 V
```

ಬೀಟಾ ಎಲ್ಲೂ ಬರಲಿಲ್ಲ, ನೋಡಿ. ಎರಡು ರೆಸಿಸ್ಟರ್‌ಗಳ ಸಾಲಿನಲ್ಲಿ ಸುಮಾರು 210 ಮೈಕ್ರೋಆಂಪ್ ಹರಿಯುತ್ತದೆ. ಬೀಟಾ 200 ಇದ್ದರೆ ಬೇಸ್ ಅದರಲ್ಲಿ ಎಳೆದುಕೊಳ್ಳುವುದು ಬರೀ 7. ಕಾಲುವೆಯಲ್ಲಿ ಗುಬ್ಬಿ ನೀರು ಕುಡಿದರೆ ಮಟ್ಟ ಇಳಿಯುತ್ತದೆಯೇ? ಆದರೆ 47 ಮತ್ತು 10ರ ಬದಲು 470 ಮತ್ತು 100 ಕೆ ಹಾಕಿದರೆ ಕಾಲುವೆಯೇ ಸಣ್ಣ ತೊರೆಯಾಗುತ್ತದೆ, ಆಗ ಗುಬ್ಬಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಮಿಟರ್ ರೆಸಿಸ್ಟರ್‌ನ ಚಮತ್ಕಾರ ನನಗೆ ಇನ್ನೂ ಇಷ್ಟ. ಕರೆಂಟು ಹೆಚ್ಚಿದರೆ ಎಮಿಟರ್ ವೋಲ್ಟೇಜ್ ಏರುತ್ತದೆ. ಬೇಸ್ ಮಾತ್ರ ಇದ್ದಲ್ಲೇ ಇರುವುದರಿಂದ ಇವೆರಡರ ನಡುವಿನ ಅಂತರ ಕುಗ್ಗಿ ಕರೆಂಟು ತಾನೇ ತಗ್ಗುತ್ತದೆ. ಇಳಿಜಾರಿನಲ್ಲಿ ಜೋರಾದ ಸೈಕಲ್ ತನ್ನ ಬ್ರೇಕ್ ತಾನೇ ಒತ್ತಿಕೊಂಡಂತೆ. ಬೇಸ್ ಕರೆಂಟನ್ನೂ ಸೇರಿಸಿ ಲೆಕ್ಕ ಹಾಕಿದೆ: ಬೀಟಾ 100 ಇದ್ದಾಗ ಕಲೆಕ್ಟರ್ ಸುಮಾರು 7 ವೋಲ್ಟ್, 400 ಇದ್ದಾಗ ಸುಮಾರು 6.6. ಬೇಸ್‌ಗೆ ಒಂದೇ ರೆಸಿಸ್ಟರ್ ಹಾಕಿ, ಎಮಿಟರ್ ನೇರ ಗ್ರೌಂಡಿಗೆ ಕೊಟ್ಟಿದ್ದರೆ? ಬೀಟಾ 100ಕ್ಕೆ ಹೊಂದಿಸಿದ್ದು 400 ಬಂದಾಗ ಪೂರ್ತಿ ಸ್ಯಾಚುರೇಟ್ ಆಗಿ, ಕಲೆಕ್ಟರ್ ಸೊನ್ನೆಯ ಹತ್ತಿರ ಬಿದ್ದಿರುತ್ತಿತ್ತು.

ಇನ್ನು ಹುಡುಗನ ಬೋರ್ಡು. ಕಲೆಕ್ಟರ್‌ನಲ್ಲಿ 12 ಇದೆಯೆಂದರೆ 3.9 ಕೆಯಲ್ಲಿ ಕರೆಂಟೇ ಹರಿಯುತ್ತಿಲ್ಲ. ಬೇಸ್‌ನಲ್ಲಿ 2.1 ಇದ್ದೂ ಹೀಗಾದರೆ ಎಮಿಟರ್ ದಾರಿ ಕಡಿದಿದೆಯೇ ಎಂದು ಮೊದಲು ನೋಡಬೇಕು. ಅದಕ್ಕೇ ಕಪ್ಪು ಪ್ರೋಬ್ ಗ್ರೌಂಡಿಗಿಟ್ಟು ಕೆಂಪನ್ನು ಬೇಸ್‌ಗೆ ಮುಟ್ಟಿಸು ಎಂದೆ.

"0.25, ಅಂಕಲ್."

0.25 ವೋಲ್ಟಿಗೆ ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರವಾಗುವುದಿಲ್ಲ. 12 × 1 / 48 ಮಾಡಿದರೆ ಬರುವುದೂ ಅದೇ 0.25. ಕೆಳಗಿನ ರೆಸಿಸ್ಟರ್ ಕಿತ್ತು ಕಿಟಕಿ ಬೆಳಕಿಗೆ ಹಿಡಿದೆವು: ಕಂದು, ಕಪ್ಪು, ಕೆಂಪು. 10 ಕೆ ಇರಬೇಕಾದ ಕಡೆ 1 ಕೆ ಕೂತಿತ್ತು, ಮೂರನೇ ಪಟ್ಟಿ ಕಿತ್ತಳೆ ಇರಬೇಕಿತ್ತು. ಬದಲಿಸಿದ ಮೇಲೆ ಕಲೆಕ್ಟರ್ 6.6 ತೋರಿಸಿತು. ಅವನು ತೆಗೆದಿಟ್ಟಿದ್ದ ಮೊದಲೆರಡು ಟ್ರಾನ್ಸಿಸ್ಟರ್‌ಗಳನ್ನೂ ಹಾಕಿ ನೋಡಿದೆವು, ಎರಡೂ ಚೆನ್ನಾಗಿಯೇ ಇದ್ದವು.