ಕಸದ ಗಾಡಿಯ ಬಿಲ್ಲು: ತೂಕಕ್ಕೋ, ಬಾಗಿಲಿಗೋ?

ಮನೆಮನೆ ಕಸ ಸಂಗ್ರಹಣೆಯನ್ನು ಖಾಸಗಿ ಸಂಸ್ಥೆಗೆ ವಹಿಸುವ ಟೆಂಡರ್ ಕಡತ ನೂರು ಪುಟ ಇದ್ದರೂ ಗುತ್ತಿಗೆದಾರ ಮೊದಲು ಹುಡುಕುವುದು ಒಂದೇ ಸಾಲನ್ನು: ಹಣ ಕೊಡುವುದು ಯಾವ ಲೆಕ್ಕದ ಮೇಲೆ? ಟನ್ನಿಗೆ ಇಷ್ಟು ಎಂದಿದ್ದರೆ ಗಾಡಿಗಳು ತೂಕ ಸಿಗುವ ಕಡೆ ಓಡುತ್ತವೆ. ತಿಂಗಳಿಗೆ ಒಟ್ಟು ಇಷ್ಟು ಎಂದಿದ್ದರೆ ಎಷ್ಟು ಕಡಿಮೆ ಓಡಿದರೆ ಸಾಕೋ ಅಷ್ಟೇ ಓಡುತ್ತವೆ. ಇದು ಗುತ್ತಿಗೆದಾರನ ಒಳ್ಳೆಯತನ, ಕೆಟ್ಟತನದ ಪ್ರಶ್ನೆಯಲ್ಲ. ಕರಾರು ಬರೆದವರು ಯಾವುದಕ್ಕೆ ದುಡ್ಡು ಇಟ್ಟರು ಎಂಬ ಪ್ರಶ್ನೆ.

ಮಲೆನಾಡಿನ ಊರುಗಳಿಗೆ ಟನ್ನಿನ ಲೆಕ್ಕ ಎರಡು ಕಾರಣಕ್ಕೆ ಹೊಂದುವುದಿಲ್ಲ. ಮೊದಲನೆಯದು ಮಳೆ. ಆಟೋ ಟಿಪ್ಪರಿನ ಡಬ್ಬಿಯ ಮೇಲ್ಬಾಯಿ ಸುಮಾರು 3 ಚದರ ಮೀಟರ್. ಬೆಳಗಿನ ಸುತ್ತು ಮುಗಿಯುವುದರೊಳಗೆ 30 ಮಿಲಿಮೀಟರ್ ಮಳೆ ಬಿದ್ದರೆ, ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಅದೇನೂ ದೊಡ್ಡ ಮಳೆಯಲ್ಲ, ತೆರೆದ ಡಬ್ಬಿಯೊಳಗೆ 90 ಲೀಟರ್ ನೀರು ಬೀಳುತ್ತದೆ. ಸ್ವಲ್ಪ ಸೋರಿ ಹೋದೀತು, ಆದರೆ ರಟ್ಟು, ಬಟ್ಟೆ, ಪೇಪರು ಕುಡಿದದ್ದು ಹೊರಗೆ ಬರುವುದಿಲ್ಲ. ಇಪ್ಪತ್ತು ಗಾಡಿಗೆ 1.8 ಟನ್. ಟನ್ನಿಗೆ 2,500 ರೂಪಾಯಿ ದರವಿದ್ದರೆ ನಗರಸಭೆ ಮಳೆನೀರಿಗೆ ದಿನಕ್ಕೆ 4,500 ರೂಪಾಯಿ ತೆತ್ತಂತಾಯಿತು. ಎರಡನೆಯದು ಹಿತ್ತಿಲು. ಇಲ್ಲಿ ಬಹಳಷ್ಟು ಮನೆಗಳ ತರಕಾರಿ ಸಿಪ್ಪೆ, ಎಲೆ, ಅನ್ನ ಎಲ್ಲವೂ ತೆಂಗಿನ ಬುಡಕ್ಕೋ ಗೊಬ್ಬರಗುಂಡಿಗೋ ಹೋಗುತ್ತವೆ. ಅಂಥ ಮನೆಯಿಂದ ಗಾಡಿಗೆ ಸಿಗುವುದು ವಾರಕ್ಕೊಂದು ಚೀಲ ಪ್ಲಾಸ್ಟಿಕ್ಕು. ತೂಕಕ್ಕೆ ಹಣ ಕೊಟ್ಟರೆ ಗುತ್ತಿಗೆದಾರನಿಗೆ ಆ ಮನೆಯ ಏರು ಹತ್ತುವುದು ನಷ್ಟದ ಬಾಬತ್ತು. ಅವನು ಹೋಟೆಲು, ಕಲ್ಯಾಣ ಮಂಟಪ, ಮಾರುಕಟ್ಟೆ ಸುತ್ತಿ ಟನ್ ತುಂಬಿಸುತ್ತಾನೆ. ಸಾಲದಿದ್ದರೆ ಮನೆ ಒಡೆದ ಮಣ್ಣು, ಇಟ್ಟಿಗೆ ಚೂರುಗಳೂ ವೇಬ್ರಿಡ್ಜ್ ಹತ್ತುತ್ತವೆ.

ಹಾಗಾಗಿ ಬಾಗಿಲಿನ ಲೆಕ್ಕವೇ ವಾಸಿ. ಆದರೆ ಅದಕ್ಕೆ ಬಾಗಿಲು ಎಷ್ಟು ಎಂಬುದು ಮೊದಲೇ ಗೊತ್ತಿರಬೇಕು. ಆಸ್ತಿ ತೆರಿಗೆಯ ಪಟ್ಟಿಯನ್ನು ಹಾಗೇ ಟೆಂಡರಿಗೆ ಲಗತ್ತಿಸುವುದು ಸಾಮಾನ್ಯವಾಗಿ ನಡೆಯುವ ಎಡವಟ್ಟು. ಒಂದು ಖಾತೆಯ ಕಟ್ಟಡದಲ್ಲಿ ಕೆಳಗೆ ಎರಡು ಅಂಗಡಿ, ಮೇಲೆ ಮೂರು ಬಾಡಿಗೆ ಸಂಸಾರ ಇರುತ್ತವೆ. ತೆರಿಗೆಯಲ್ಲಿ ಅದು ಒಂದು, ಗಾಡಿಗೆ ಐದು. ಕಾರ್ಯಾದೇಶ ಕೈಗೆ ಬಂದ ಮೇಲೆ ಗುತ್ತಿಗೆದಾರ ಹೆಚ್ಚುವರಿ ಬಾಗಿಲುಗಳ ಪಟ್ಟಿ ಹಿಡಿದು ಬರುತ್ತಾನೆ, ತಕರಾರು ಅಲ್ಲಿಂದ ಶುರು. ಟೆಂಡರಿಗೆ ಮೊದಲೇ ಬೀದಿ ಬೀದಿ ನಡೆದು ಬಾಗಿಲು ಎಣಿಸಿ, ಗಾಡಿ ಹೋಗದ ಮೆಟ್ಟಿಲುದಾರಿ, ಕೈಗಾಡಿ ಬೇಕಾದ ಓಣಿ ಗುರುತಿಸಿ, ಮೂರು ತಿಂಗಳಿಗೊಮ್ಮೆ ಎರಡೂ ಕಡೆಯವರು ಸೇರಿ ಪಟ್ಟಿ ತಿದ್ದುವ ಷರತ್ತು ಹಾಕಬೇಕು. ಬೆಂಗಳೂರಿನಲ್ಲಿ 750 ಮನೆಗೊಂದು ಆಟೋ ಟಿಪ್ಪರ್ ಎನ್ನುವ ಲೆಕ್ಕ ರೂಢಿಯಲ್ಲಿದೆ. ಏರು ತಗ್ಗಿನ, ದೂರ ದೂರ ಮನೆಗಳಿರುವ ನಮ್ಮ ಕಡೆ 600 ದಾಟಿಸಿದರೆ ಕೊನೆಯ ಬೀದಿಗೆ ಗಾಡಿ ಹೋಗುವ ಹೊತ್ತಿಗೆ ಮನೆಯವರು ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗಿರುತ್ತಾರೆ.

ಇನ್ನು ಹಣದ ಲೆಕ್ಕ. ಉದಾಹರಣೆಗೆ 12,000 ಬಾಗಿಲಿನ ಒಂದು ಊರು, 20 ಗಾಡಿ, ಬಾಗಿಲಿಗೆ ತಿಂಗಳಿಗೆ 100 ರೂಪಾಯಿ ಎಂದುಕೊಳ್ಳೋಣ. ಪೂರ್ತಿ ಬಿಲ್ಲು 12 ಲಕ್ಷ. ಅದರಲ್ಲಿ 6 ಲಕ್ಷ ಗಾಡಿ ಮತ್ತು ಕಾರ್ಮಿಕರ ಹಾಜರಾತಿಗೆ, 4 ಲಕ್ಷ ತಲುಪಿದ ಬಾಗಿಲಿಗೆ, 2 ಲಕ್ಷ ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ತಂದಿದ್ದಕ್ಕೆ. ಅರ್ಧದಷ್ಟನ್ನು ಹಾಜರಾತಿಗೆ ಕಟ್ಟುವುದೇಕೆಂದರೆ, ಮಾಲೀಕನಿಗೆ ಹಾಕಿದ ದಂಡ ಕೊನೆಗೆ ಸಹಾಯಕನ ಸಂಬಳದಲ್ಲಿ ಕಡಿತವಾಗಬಾರದು. 100ಕ್ಕೆ 95 ಬಾಗಿಲು ತಲುಪಿದರೆ 4 ಲಕ್ಷ ಪೂರ್ತಿ ಎಂದು ಬರೆಯಬಹುದು. ಬೀಗ ಹಾಕಿದ ಮನೆ, ಕೆಟ್ಟು ನಿಂತ ಗಾಡಿ ಎಲ್ಲವೂ ಉಳಿದ ಐದರಲ್ಲಿ ಅಡಗುತ್ತವೆ.

ಬಹಳಷ್ಟು ಕರಾರುಗಳು ಜಾರುವುದು ಇದಾದ ಮೇಲಿನ ಸಾಲಿನಲ್ಲಿ. ಕಡಿಮೆಯಾದಷ್ಟಕ್ಕೆ ಅನುಪಾತದಲ್ಲಿ ಕಡಿತ ಎಂದು ಬರೆದುಬಿಡುತ್ತಾರೆ, ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಗುತ್ತಿಗೆದಾರ ಎರಡು ಗಾಡಿಗಳಿಗೆ ಹಾಜರಾತಿ ಹಾಕಿಸಿ ಶೆಡ್ಡಿನಲ್ಲಿ ನಿಲ್ಲಿಸಿದ, ಅವುಗಳ ಬೀದಿಗಳನ್ನು ಉಳಿದವರು ಆದಷ್ಟು ಮಾಡಲಿ ಎಂದ ಎಂದಿಟ್ಟುಕೊಳ್ಳಿ. ಗಾಡಿಯೊಂದಕ್ಕೆ ಡೀಸೆಲ್, ಸಹಾಯಕನ ಕೂಲಿ, ರಿಪೇರಿ ಸೇರಿ 27,000 ಉಳಿದರೆ ಎರಡಕ್ಕೆ 54,000. ತಲುಪಿದ ಬಾಗಿಲು 89ಕ್ಕೆ ಇಳಿಯಿತು. ಅನುಪಾತದ ಕಡಿತ 4 ಲಕ್ಷದ 95ರಲ್ಲಿ 6 ಪಾಲು, ಅಂದರೆ ಸುಮಾರು 25,000. ಕೆಲಸ ಬಿಟ್ಟಿದ್ದಕ್ಕೆ 29,000 ಲಾಭ! ಅದರ ಬದಲು 95ರಿಂದ ಕೆಳಗೆ ಪ್ರತಿ ಒಂದಕ್ಕೆ ಬಾಗಿಲಿನ ಪಾಲಿನ ಶೇಕಡಾ 4, ಅಂದರೆ 16,000 ಕಡಿತ ಎಂದಿದ್ದರೆ ಆರಕ್ಕೆ 96,000 ಆಗುತ್ತದೆ. ಆಗ ಗಾಡಿ ಹೊರಡಿಸುವುದೇ ಅವನಿಗೆ ಅಗ್ಗ. ಕಡಿತದ ದರ ಗೊತ್ತುಮಾಡುವಾಗ ಕೇಳಬೇಕಾದ್ದು ಇಷ್ಟೇ: ಈ ಕೆಲಸ ಬಿಟ್ಟರೆ ಅವನಿಗೆ ಎಷ್ಟು ಉಳಿಯುತ್ತದೆ?

ಹಾಗೆಂದು ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಮಿನಂತೆ, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಆ ಮಿತಿಯೊಳಗೆ ಸಿಗುವುದು ಸಮಂಜಸ ಪರಿಹಾರ ಮಾತ್ರ. ಆದ್ದರಿಂದ ದಂಡ ಎಂದು ಬರೆಯುವುದಕ್ಕಿಂತ, ಇಷ್ಟು ಕೆಲಸಕ್ಕೆ ಇಷ್ಟು ಹಣ ಎಂಬ ಪಾವತಿ ಕೋಷ್ಟಕವಾಗಿ ಬರೆದರೆ ತಕರಾರು ಬಂದಾಗ ಸಮರ್ಥಿಸುವುದು ಸುಲಭ. ಒಟ್ಟು ಕಡಿತಕ್ಕೆ ತಿಂಗಳ ಬಿಲ್ಲಿನ ಶೇಕಡಾ 10ರ ಮಿತಿ ಇಟ್ಟು, ಸತತ ಎರಡು ತಿಂಗಳು ಆ ಮಿತಿ ಮುಟ್ಟಿದರೆ ಗುತ್ತಿಗೆ ರದ್ದತಿಯ ನೋಟಿಸು ಎಂದು ಸೇರಿಸಬೇಕು. ಈ ಎರಡನೆಯ ಮಾತು ಇಲ್ಲದಿದ್ದರೆ ಮಿತಿ ಮುಟ್ಟಿದ ಮೇಲೆ ಅವನಿಗೆ ಹೆದರಿಕೆಯೇ ಇರುವುದಿಲ್ಲ.

ತಲುಪಿದ ಬಾಗಿಲು 89 ಎಂದು ಹೇಳುವವರು ಯಾರು? ಈಗ ಮನೆ ಮುಂದೆ ಕ್ಯೂಆರ್ ಕೋಡ್ ಅಂಟಿಸಿ ಸ್ಕ್ಯಾನ್ ಮಾಡಿಸುವುದು ರೂಢಿ. ಒಳ್ಳೆಯದೇ, ಆದರೆ ಎಲ್ಲ ಕೋಡುಗಳ ಫೋಟೋ ಹೊಡೆದುಕೊಂಡು ಒಂದೇ ಕಡೆ ಕುಳಿತು ಸ್ಕ್ಯಾನ್ ಮಾಡುವ ಕಲೆಯೂ ಅದರ ಬೆನ್ನಿಗೇ ಬಂದಿದೆ. ಹಿಡಿಯುವುದು ಕಷ್ಟವೇನಲ್ಲ. ಐದು ಗಂಟೆಯಲ್ಲಿ 600 ಬಾಗಿಲು ಎಂದರೆ ಬಾಗಿಲಿಗೆ ಸರಾಸರಿ 30 ಸೆಕೆಂಡು. ಹತ್ತು ನಿಮಿಷದಲ್ಲಿ 200 ಸ್ಕ್ಯಾನ್ ಕಂಡರೆ ಅದು ಬೀದಿಯಲ್ಲಿ ಆದದ್ದಲ್ಲ. ಸ್ಕ್ಯಾನಿನ ಹೊತ್ತನ್ನೂ ಗಾಡಿಯ ಜಿಪಿಎಸ್ ಜಾಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉಳಿದದ್ದು ತಿಳಿಯುತ್ತದೆ. ಮಲೆನಾಡಿನಲ್ಲಿ ಒಂದು ರಿಯಾಯಿತಿ ಬೇಕು: ತಗ್ಗಿನ ಬೀದಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಮರದ ದಟ್ಟಣೆಯಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುತ್ತದೆ. ಆಪ್ ನೆಟ್‌ವರ್ಕ್ ಇಲ್ಲದೆಯೂ ದಾಖಲಿಸಿಕೊಂಡು, ರಾತ್ರಿ ಎಂಟರೊಳಗೆ ಅಪ್‌ಲೋಡ್ ಆದರೆ ಸಾಕು ಎಂದಿರಲಿ. ಕಾಗದದ ಸ್ಟಿಕ್ಕರ್ ಒಂದು ಮಳೆಗಾಲ ಬಾಳುವುದಿಲ್ಲ. ತಗಡಿನ ಅಥವಾ ಪಿವಿಸಿ ಫಲಕ, ಸೂರಿನ ಕೆಳಗೆ, ನಗರಸಭೆಯ ಖರ್ಚಿನಲ್ಲಿ.

ಆದರೂ ಬಿಲ್ಲು ನಿಲ್ಲಬೇಕಾದ್ದು ಸ್ಕ್ಯಾನಿನ ಮೇಲಲ್ಲ, ಸ್ಯಾಂಪಲ್ ತಪಾಸಣೆಯ ಮೇಲೆ. ದಿನಾ ಬೆಳಿಗ್ಗೆ ಚೀಟಿ ಎತ್ತಿ ನಾಲ್ಕು ಬೀದಿ, ಬೀದಿಗೆ ಐದು ಬಾಗಿಲು. ಗಾಡಿಯ ಸುತ್ತು ಮುಗಿದ ಮೇಲೆ ಅದೇ ದಿನ ಮಧ್ಯಾಹ್ನ ಹೋಗಿ ಕೇಳಬೇಕು: "ಅಮ್ಮಾ, ಇವತ್ತು ಕಸದ ಗಾಡಿ ಬಂತಾ? ಹಸಿ ಕಸ ಬೇರೆ ತಗೊಂಡ್ರಾ?" ಈ ವಾರ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದರೆ ಸಿಗುವುದು ಅಭಿಪ್ರಾಯ, ಲೆಕ್ಕವಲ್ಲ. ಬೀಗ ಹಾಕಿದ್ದರೆ ಪಕ್ಕದ ಮನೆ. ಇದನ್ನು ಗುತ್ತಿಗೆದಾರನ ಸೂಪರ್‌ವೈಸರ್ ಮಾಡಬಾರದು, ಆ ವಾರ್ಡಿನ ಆರೋಗ್ಯ ನಿರೀಕ್ಷಕರೂ ಬೇಡ. ಬೇರೆ ವಾರ್ಡಿನ ಸ್ವಸಹಾಯ ಸಂಘದ ಇಬ್ಬರು ಮಹಿಳೆಯರಿಗೆ ದಿನಗೂಲಿ ಕೊಟ್ಟು ಮಾಡಿಸಬಹುದು. 26 ದಿನಕ್ಕೆ 520 ಬಾಗಿಲಾಯಿತು. ಅದರಲ್ಲಿ 442 ಕಡೆ ಗಾಡಿ ಬಂದಿದ್ದರೆ ಶೇಕಡಾ 85. ಇಷ್ಟು ಬಾಗಿಲು ನೋಡಿದಾಗ ಲೆಕ್ಕ ಸುಮಾರು 3 ಆಚೀಚೆ ಇರಬಹುದು. ಬೀದಿಗಳನ್ನು ಗುಂಪಾಗಿ ಆರಿಸಿದ್ದರಿಂದ 4 ಎಂದು ಹಿಡಿದು, ಆ ಅನುಮಾನದ ಲಾಭವನ್ನು ಗುತ್ತಿಗೆದಾರನಿಗೇ ಕೊಟ್ಟರೆ 89. ಸ್ಕ್ಯಾನ್ ವರದಿ 97 ಹೇಳುತ್ತಿರಲಿ, ಹಣ 89ಕ್ಕೆ. ಈ ವಿಧಾನ ಇಷ್ಟೇ ವಿವರವಾಗಿ ಕರಾರಿನಲ್ಲೇ ಇರಬೇಕು. ಆಮೇಲೆ ಸುತ್ತೋಲೆ ಹೊರಡಿಸಿದರೆ ನಡೆಯುವುದಿಲ್ಲ.

ವಿಂಗಡಣೆಯ 2 ಲಕ್ಷಕ್ಕೂ ಹೀಗೇ ಚೀಟಿ. ಸುರಿಯುವ ಜಾಗದಲ್ಲಿ ಒಂದು ಗಾಡಿಯ ಹಸಿ ಕಸವನ್ನು ಟಾರ್ಪಾಲಿನ ಮೇಲೆ ಹರಡಿ, ಚೆನ್ನಾಗಿ ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು, 50 ಕಿಲೋಗೆ ಇಳಿಯುವವರೆಗೆ ಹೀಗೇ ಮಾಡಿ, ಅದರಲ್ಲಿ ಪ್ಲಾಸ್ಟಿಕ್, ಗಾಜು, ಬಟ್ಟೆ ಎಷ್ಟಿದೆ ಎಂದು ತೂಗಬೇಕು. 5 ಕಿಲೋ ದಾಟಿದರೆ ಆ ದಿನ ಅನುತ್ತೀರ್ಣ. ಮನೆಯವರೇ ಬೆರೆಸಿ ಕೊಟ್ಟರೆ ನಾನೇನು ಮಾಡಲಿ ಎಂದು ಗುತ್ತಿಗೆದಾರ ಕೇಳುತ್ತಾನೆ, ಕೇಳುವುದರಲ್ಲಿ ತಪ್ಪಿಲ್ಲ. ಅಂಥ ಮನೆಯ ಕೋಡನ್ನು ಬೆರಕೆ ಎಂದು ಫೋಟೋ ಸಮೇತ ದಾಖಲಿಸಿದರೆ ಅವನ ಹೊಣೆ ಮುಗಿಯಿತು, ನೋಟಿಸು ಕೊಡುವುದು ನಗರಸಭೆಯ ಕೆಲಸ ಎಂದು ಗೆರೆ ಎಳೆಯಬೇಕು.

ಮಳೆಗಾಲಕ್ಕೂ ಅಡಿಕೆ ಸುಗ್ಗಿಗೂ ಬೇರೆಯೇ ಷರತ್ತು ಬೇಕು. ಮುಚ್ಚಳವಿಲ್ಲದ ಗಾಡಿಗೆ ಜೂನ್‌ನಿಂದ ಹಾಜರಾತಿ ಇಲ್ಲ. ಮರ ಬಿದ್ದೋ ಧರೆ ಕುಸಿದೋ ದಾರಿ ಬಂದ್ ಆದರೆ ಅಂದೇ ಫೋಟೋ ಹಾಕಿ, ಮರುದಿನ ಆ ಬೀದಿ ಮುಗಿಸಿದರೆ ಕಡಿತವಿಲ್ಲ. ಸುಲಿದ ಅಡಿಕೆ ಸಿಪ್ಪೆ, ತೋಟದ ಸೋಗೆ ಮನೆಮನೆ ಕಸದಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಸುಗ್ಗಿಯಲ್ಲಿ ಮೂರನೇ ಬೀದಿಗೇ ಡಬ್ಬಿ ತುಂಬಿ ಹೋಗುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆಯಂಥ ಸಂದರ್ಭಗಳಿಗೆ ಟ್ರಿಪ್ಪಿನ ದರವನ್ನು ಟೆಂಡರಿನಲ್ಲೇ ಕೇಳಿಬಿಡುವುದು ಲೇಸು.

ಇಷ್ಟೆಲ್ಲ ಬಿಗಿ ಮಾಡಿ ಬಿಲ್ಲನ್ನು ಮೂರು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡರೆ ಎಲ್ಲವೂ ನೀರು ಪಾಲು. ಹಣ ಬಾರದ ಗುತ್ತಿಗೆದಾರ ಮೊದಲು ನಿಲ್ಲಿಸುವುದು ಸಂಬಳ, ಆಮೇಲೆ ಗಾಡಿ. ಬಿಲ್ಲು ಬಂದ ಹತ್ತು ದಿನದೊಳಗೆ ಮುಕ್ಕಾಲು ಪಾಲು ಪಾವತಿ, ತಪಾಸಣೆಯ ಲೆಕ್ಕ ಮುಗಿದ ಮೇಲೆ ಉಳಿದದ್ದು ಎಂಬುದು ನಗರಸಭೆಯ ಮೇಲೂ ಬಂಧನವಾಗಿರಲಿ. ಪ್ರತಿ ಬಿಲ್ಲಿನ ಜೊತೆ ಕಾರ್ಮಿಕರ ಖಾತೆಗೆ ಸಂಬಳ ಹೋದ ಬ್ಯಾಂಕ್ ಪಟ್ಟಿ, ಪಿಎಫ್ ಮತ್ತು ಇಎಸ್‌ಐ ಕಟ್ಟಿದ ದಾಖಲೆ ಇರಬೇಕು. ಚಲನ್ ಮಾತ್ರ ಸಾಲದು, ಹೆಸರುಗಳಿರುವ ಪಟ್ಟಿಯೇ ಬೇಕು. ಅದರಲ್ಲಿರುವ ಹೆಸರು ಮತ್ತು ಹಾಜರಾತಿ ಪುಸ್ತಕದ ಹೆಸರು ತಾಳೆಯಾಗದಿದ್ದರೆ ಇಪ್ಪತ್ತು ಜನರ ಪಿಎಫ್ ಕಟ್ಟಿ ನಲವತ್ತು ಜನರ ಬಿಲ್ಲು ಬರುತ್ತಿದೆ ಎಂದರ್ಥ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನಾಗಿ ನಗರಸಭೆಯೇ ಕೊಡಬೇಕಾಗುತ್ತದೆ. ನೇರವಾಗಿ ಕಾರ್ಮಿಕರಿಗೆ ಕೊಟ್ಟು ಬಿಲ್ಲಿನಲ್ಲಿ ಹಿಡಿದುಕೊಳ್ಳುವ ಅಧಿಕಾರವನ್ನೂ ಕರಾರಿನಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಕೊನೆಯದಾಗಿ ಮಾಹಿತಿಯ ಒಡೆತನ. ಬಾಗಿಲಿನ ಪಟ್ಟಿ, ಬೀದಿ ನಕ್ಷೆ, ಸ್ಕ್ಯಾನ್ ಮತ್ತು ಜಿಪಿಎಸ್ ದಾಖಲೆ ಗುತ್ತಿಗೆದಾರನ ಆಪ್‌ನಲ್ಲಿ ಮಾತ್ರ ಉಳಿದರೆ ಅವಧಿ ಮುಗಿದ ದಿನ ಅವೂ ಅವನ ಜೊತೆ ಹೋಗುತ್ತವೆ, ಮುಂದಿನ ಟೆಂಡರಿಗೆ ಮತ್ತೆ ಹಳೆಯ ತೆರಿಗೆ ಪಟ್ಟಿಯೇ ಗತಿ. ತಿಂಗಳಿಗೊಮ್ಮೆ ಎಕ್ಸೆಲ್ ರೂಪದಲ್ಲಿ ಪೂರ್ತಿ ಪ್ರತಿ ನಗರಸಭೆಗೆ ಬರಬೇಕು, ಅದು ಬರದ ತಿಂಗಳು ಬಿಲ್ಲಿನ ಕೊನೆಯ ಕಾಲುಭಾಗ ಬಿಡುಗಡೆಯಾಗಬಾರದು. ಭದ್ರತಾ ಠೇವಣಿ ವಾಪಸಾಗುವುದು ಕೊನೆಯ ಪ್ರತಿ ಪರಿಸರ ಎಂಜಿನಿಯರ್ ಕೈಸೇರಿ, ಅದು ತೆರೆದುಕೊಳ್ಳುತ್ತದೆ ಎಂದು ಅವರು ಬರೆದುಕೊಟ್ಟ ಮೇಲೆ.